ಗೂಟಕ್ಕೆ ಕಟ್ಟಿದ ಮಾತು

ಚಳಿ ಇನ್ನೂ ನೆಲ ಬಿಟ್ಟಿರಲಿಲ್ಲ. ಕೊಯ್ಲು ಮುಗಿದ ಹೊಲಗಳಲ್ಲಿ ಕೂಳೆಯ ಮೇಲೆ ಕೂತ ಇಬ್ಬನಿ ಬಿಸಿಲೇರುವವರೆಗೂ ಆರುತ್ತಿರಲಿಲ್ಲ. ಹಸುಗಳು ಸಾಲಾಗಿ ಕರು ಹಾಕುವ ಕಾಲ ಅದು. ಪಶು ಆಸ್ಪತ್ರೆಯ ಡಾಕ್ಟ್ರಮ್ಮನಿಗೆ ಕೈ ಒಣಗಲು ಪುರುಸೊತ್ತಿಲ್ಲದ ಕಾಲ. ಆ ಬೆಳಗ್ಗೆಯೂ ಅವಳು ಊರಾಚೆಯ ಕೊಟ್ಟಿಗೆಯೊಂದರಲ್ಲಿ ಮೊಣಕಾಲೂರಿ ಕೂತಿದ್ದಳು. ಬಲಗೈ ಭುಜದವರೆಗೂ ಹಸುವಿನ ಒಳಗಿತ್ತು. ಕರುವಿನ ಮುಂಗಾಲೆರಡೂ ದಾರಿಗೆ ಬಂದಿದ್ದವು, ತಲೆ ಮಾತ್ರ ಹಿಂದಕ್ಕೆ ಹೊರಳಿಕೊಂಡಿತ್ತು.

"ಈಗ ಎಳೀಬೇಡಿ," ಎಂದಳು, ಕರುವಿನ ಕಾಲಿಗೆ ಕಟ್ಟಿದ ಹಗ್ಗ ಹಿಡಿದು ನಿಂತಿದ್ದ ಕಾಂಪೌಂಡರಿಗೆ. "ಹಸು ಸುಧಾರಿಸಿಕೊಳ್ತಿದೆ. ನಾನು ತಲೆ ತಿರುಗಿಸ್ಕೋತೀನಿ. ಅದು ನೂಕಿದಾಗ ಎಳೆಯೋಣ, ಬಿಟ್ಟಾಗ ನಾವೂ ಬಿಡೋಣ."

ಹಸು ತಿಣುಕುವುದು ನಿಂತಾಗ ಅವಳು ಕರುವನ್ನು ತುಸು ಒಳಕ್ಕೇ ಒತ್ತಿ, ಮೂತಿಯನ್ನು ಅಂಗೈಯಲ್ಲಿ ಹಿಡಿದು, ಸ್ವಲ್ಪ ಸ್ವಲ್ಪವೇ ಈಚೆಗೆ ತಿರುಗಿಸಿದಳು. ಹಸು ಮತ್ತೆ ನೂಕಿತು. ಹಗ್ಗ ಬಿಗಿಯಾಯಿತು. ಕೊನೆಗೆ ಕರು ಹುಲ್ಲಿನ ಮೇಲೆ ಜಾರಿ ಬಿದ್ದು, ಸೀನಿ, ಕಿವಿ ಒದರಿತು. ಮನೆಯವರು ಗೋಡೆಗೊರಗಿ ನಿಂತುಬಿಟ್ಟರು.

ಹಾಲು ಕರೆಯುವುದು ಆ ಮನೆಯ ಅಜ್ಜಿಯ ಕೆಲಸ. ಅವಳು ಕೆಚ್ಚಲ ಹತ್ತಿರ ಹೋಗದೆ, ಕರುವಿನ ಹಿಂದೆ ಬೀಳಬೇಕಾದ ಮಾಸಿಗೆ ಕಾಯುತ್ತ ನಿಂತಿದ್ದಳು. "ಮಾಸು ಬೀಳ್ಲಿ ತಾಯಿ. ಆಮೇಲೆ ಕುಡಿಸಿದ್ರಾಯ್ತು. ನಮ್ಮತ್ತೆ ಹಂಗೇ ಮಾಡ್ತಿದ್ರು."

"ಅಜ್ಜಿ, ಇಲ್ಲಿ ಬನ್ನಿ, ಕೂತ್ಕೊಳ್ಳಿ," ಎಂದಳು ಡಾಕ್ಟ್ರಮ್ಮ, ಕೈಗೆ ಹತ್ತಿದ್ದನ್ನು ಹುಲ್ಲಿಗೆ ಒರೆಸುತ್ತ. "ಈ ಕರು ಹುಟ್ಟುವಾಗ ರೋಗ ತಡೆಯೋ ಶಕ್ತಿ ತಂದಿಲ್ಲ. ಅದಿರೋದು ತಾಯಿಯ ಗಿಣ್ಣದ ಹಾಲಲ್ಲಿ. ಈಗ ಇದರ ಕರುಳಿನ ಬಾಗಿಲು ತೆರೆದಿದೆ, ಆ ಶಕ್ತೀನ ಒಳಗೆ ಬಿಟ್ಕೊಳ್ಳುತ್ತೆ. ಹೊತ್ತು ಹೋದ ಹಾಗೆ ಬಾಗಿಲು ಮುಚ್ಚುತ್ತಾ ಬರುತ್ತೆ. ಆಮೇಲೆ ಕೊಡಗಟ್ಟಲೆ ಕುಡಿಸಿದ್ರೂ ಹೊಟ್ಟೆ ತುಂಬುತ್ತೆ ಅಷ್ಟೇ. ಇನ್ನು ಮಾಸು. ಕರು ಚೀಪಿದ್ರೆ ಅದೂ ಬೇಗ ಬೀಳುತ್ತೆ. ಕಾದು ಕೂತ್ರೆ ಎರಡೂ ನಷ್ಟ."

ಅಜ್ಜಿ ಕರುವನ್ನೂ ನೋಡಿದಳು, ಡಾಕ್ಟ್ರಮ್ಮನನ್ನೂ ನೋಡಿದಳು. "ಅಂಗಾರೆ ನಮ್ಮತ್ತೆ ಕಾಲದ ಕರುಗಳು ಸುಮ್ಮನೆ ಸತ್ತವಾ?" ಎಂದವಳು ಉತ್ತರಕ್ಕೆ ಕಾಯದೆ ಕೆಚ್ಚಲಿಗೆ ಕೈ ಹಾಕಿದಳು.

ಬಕೆಟ್ಟಿನ ಬಿಸಿನೀರು ಸುರಿಯುತ್ತ ಕಾಂಪೌಂಡರ್ ಹೇಳಿದ: "ಈ ಅಜ್ಜೀನ ಒಪ್ಪಿಸಿದ ಬಾಯಿ, ಸೂಟು ಬೂಟಿನವರನ್ನ ಕಂಡ್ರೆ ಎಲ್ಲಿ ಅವಿತುಕೊಳ್ಳುತ್ತೆ ಮೇಡಂ? ನಾನು ಮೂವತ್ತು ವರ್ಷ ಜಂತುವಿನ ಔಷಧಿ ಕುಡಿಸಿದ್ದೀನಿ, ಹೀಗೆ ಅವಿತುಕೊಳ್ಳೋ ಜಂತು ನೋಡಿಲ್ಲ."

ಅವಳು ನಕ್ಕಳು. ನಗು ಮುಗಿಯುವ ಮೊದಲೇ ಉಳಿದ ದಿನಗಳನ್ನು ಎಣಿಸಿದಳು. ಬೇಸಿಗೆಯ ಮೊದಲಿಗೆ ಪಶುವೈದ್ಯರ ದೊಡ್ಡ ಸಮ್ಮೇಳನವಿತ್ತು. ಅಲ್ಲಿ ಅವಳು ಹತ್ತು ನಿಮಿಷ ಮಾತಾಡಬೇಕಿತ್ತು, ಅಷ್ಟು ದೊಡ್ಡ ಸಭೆಯಲ್ಲಿ ಮೊದಲ ಸಲ.

ಆ ಹತ್ತು ನಿಮಿಷ ಮೊದಲು ಅವಳದಾಗಿರಲಿಲ್ಲ, ದೊಡ್ಡ ಡಾಕ್ಟರದು. ಅವಳು ಈ ಆಸ್ಪತ್ರೆಗೆ ಬಂದಾಗ ಅವರೇ ಇಲ್ಲಿಯ ಮುಖ್ಯಸ್ಥರು. ಎಳೆಗರುಗಳು ಯಾಕೆ ಸಾಯುತ್ತವೆಂದು ಇಬ್ಬರೂ ಸೇರಿ ಮನೆಮನೆ ತಿರುಗಿದ್ದರು. ಅದಕ್ಕೂ ಮುಂಚೆ ವರ್ಷಗಟ್ಟಲೆ ಆಸ್ಪತ್ರೆಯವರು ಗಿಣ್ಣದ ಹಾಲಿನ ಬಗ್ಗೆ ಹಾಲಿನ ಸಂಘದ ಕಟ್ಟೆಯ ಮೇಲೆ ಗಂಡಸರಿಗೆ ಭಾಷಣ ಮಾಡಿದ್ದೇ ಮಾಡಿದ್ದು. ಕೊಟ್ಟಿಗೆಯಲ್ಲಿ ಕರೆಯುವವಳಿಗೆ ಅದು ಮುಟ್ಟಿರಲೇ ಇಲ್ಲ. ಕರೆಯುವವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಹೇಳಿದ ಹಳ್ಳಿಗಳಲ್ಲಿ ಕರುಗಳ ಸಾವು ಕಡಿಮೆಯಾಯಿತು. ಕೆಲಸ ಇಷ್ಟೇ. ಆದರೆ ಉಳಿದ ಆಸ್ಪತ್ರೆಗಳು ಇನ್ನೂ ಕಟ್ಟೆಯ ಮೇಲೇ ನಿಂತು ಕೂಗುತ್ತಿದ್ದವು. ಸಮ್ಮೇಳನದಲ್ಲಿ ಹೇಳಿದರೆ ನಾಲ್ಕು ಜನ ಕೇಳಿಸಿಕೊಂಡಾರು ಎಂದು ದೊಡ್ಡ ಡಾಕ್ಟರು ಹೆಸರು ಕೊಟ್ಟಿದ್ದರು. ಅಷ್ಟರಲ್ಲಿ ಅವರ ಗಂಟಲಲ್ಲಿ ಗಡ್ಡೆ ಕಾಣಿಸಿತು. ಧ್ವನಿಪೆಟ್ಟಿಗೆಯನ್ನೇ ತೆಗೆದು ಹಾಕಬೇಕಾಯಿತು.

ಅವರ ಜಾಗದಲ್ಲಿ ಇವಳು. ಹಿಂದಿನ ವರ್ಷ ಜಿಲ್ಲಾ ಕಚೇರಿಯ ಸಭೆಯಲ್ಲಿ ಇದೇ ವಿಷಯಕ್ಕೆ ಅವಳನ್ನು ಎಬ್ಬಿಸಿ ನಿಲ್ಲಿಸಿದ್ದರು. ಪುಟಗಟ್ಟಲೆ ಬರೆದು ಬಾಯಿಪಾಠ ಮಾಡಿಕೊಂಡು ಹೋಗಿದ್ದಳು. "ಎಲ್ಲರಿಗೂ ನಮಸ್ಕಾರ" ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ಕುರ್ಚಿ ಎಳೆದರು. ಎರಡನೇ ವಾಕ್ಯ ಜಾರಿತು. ಅದರ ಬಾಲ ಹಿಡಿದು ನಿಂತಿದ್ದ ಉಳಿದದ್ದೆಲ್ಲವೂ ಸರಪಳಿ ಕಳಚಿದಂತೆ ಹೋಯಿತು. ಆಗ ದೊಡ್ಡ ಡಾಕ್ಟರು ಎದ್ದು, ಅವಳ ಪಕ್ಕಕ್ಕೆ ಬಂದು, ಮಧ್ಯೆ ಏನೂ ಆಗಿಲ್ಲವೆಂಬಂತೆ ಅವಳ ಮಾತನ್ನು ಹೇಳಿ ಮುಗಿಸಿದ್ದರು. ಆಮೇಲೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಕರು ಹುಟ್ಟಿದ ದಿನ ಸಂಜೆ ಆಸ್ಪತ್ರೆಯ ಬಾಗಿಲು ಹಾಕಿ ಅವಳು ಅವರ ಮನೆಗೆ ಹೋದಳು. ಜಗುಲಿಯ ಬೆತ್ತದ ಕುರ್ಚಿಯಲ್ಲಿ ಅವರು ಕೂತಿದ್ದರು. ಕುತ್ತಿಗೆಗೆ ತೆಳು ಬಿಳಿ ಬಟ್ಟೆಯ ಪಟ್ಟಿ. ಅದರ ಕೆಳಗೆ ಉಸಿರಾಡುವ ತೂತು. ಅದರೊಳಗೊಂದು ಪುಟ್ಟ ಕವಾಟ ಇಟ್ಟಿದ್ದರು. ತೂತನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ಕವಾಟ ದಾಟಿ ಗಂಟಲಲ್ಲಿ ಒಂದು ಒರಟು ಧ್ವನಿ ಹುಟ್ಟುತ್ತಿತ್ತು. ಒಂದು ಉಸಿರಿಗೆ ನಾಲ್ಕೈದು ಪದ. ಆಮೇಲೆ ಬೆರಳು ತೆಗೆದು ಮತ್ತೆ ಉಸಿರು.

"ಕರು?" ಎಂದರು.

"ತಲೆ ಹಿಂದಕ್ಕೆ ಹೊರಳಿತ್ತು ಸರ್. ಸರಿಯಾಯ್ತು. ಗಿಣ್ಣದ ಹಾಲೂ ಆಯ್ತು."

ಅವರ ಹೆಂಡತಿ, ಊರಿನವರ ಬಾಯಲ್ಲಿ ಟೀಚರಮ್ಮ, ಕನ್ನಡ ಕಲಿಸಿ ನಿವೃತ್ತರಾದವರು, ಚಹಾ ತಂದರು. ಗಂಡನ ಲೋಟದ ಚಹಾವನ್ನು ಇನ್ನೊಂದು ಲೋಟಕ್ಕೆ, ಅದರಿಂದ ಇದಕ್ಕೆ, ಎತ್ತರದಿಂದ ಹುಯ್ಯುತ್ತ ನಿಂತರು. ಈಗ ದೊಡ್ಡ ಡಾಕ್ಟರ ಉಸಿರು ಬಾಯಿಗೆ ಬರುವುದಿಲ್ಲ. ಊದಿ ಆರಿಸಿಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ.

"ಹೇಳು. ಎಷ್ಟು ಬರೆದೆ?" ಎಂದರು ದೊಡ್ಡ ಡಾಕ್ಟರು.

ಅವಳು ಚೀಲದಿಂದ ಹಾಳೆಗಳನ್ನು ತೆಗೆದಳು. ಅವರು ತೂಕ ನೋಡುವವರಂತೆ ಅಂಗೈಯಲ್ಲಿ ಹಿಡಿದು, ಓದದೆಯೇ ಮಡಚಿ ಕುರ್ಚಿಯ ಕಾಲಿನ ಕೆಳಗೆ ಸೇರಿಸಿದರು. ಕುರ್ಚಿ ಬಹಳ ದಿನದಿಂದ ಕುಂಟುತ್ತಿತ್ತು.

"ಸರ್!"

"ಇವತ್ತು ಮೊದಲ ಸಲ. ಉಪಯೋಗಕ್ಕೆ ಬಂತು." ಅವರ ಭುಜ ಕುಲುಕಿತು, ಈಗ ಅವರ ನಗು ಅಷ್ಟೇ, ಸದ್ದಿರಲಿಲ್ಲ. ಬೆರಳು ಮತ್ತೆ ಗಂಟಲಿಗೆ ಹೋಯಿತು. "ಬಾಯಿಪಾಠ ಬೇಡ. ಒಂದು ಕೊಂಡಿ ಹೋದ್ರೆ. ಎಲ್ಲಾ ಹೋಗುತ್ತೆ. ಹಸೂನ ಮೇಯಕ್ಕೆ ಬಿಡುವಾಗ. ಏನು ಮಾಡ್ತೀಯ?"

"ಗೂಟಕ್ಕೆ ಕಟ್ತೀವಿ."

"ಹಾಂ. ಹಗ್ಗ ಉದ್ದ ಇರ್ಲಿ. ಎಲ್ಲಾದ್ರೂ ಮೇಯ್ಲಿ. ಗೂಟ ಗಟ್ಟಿ ಇರ್ಬೇಕು. ಮೂರು ಗೂಟ ಸಾಕು. ಏನು ನೋಡಿದ್ವಿ. ಏನು ಮಾಡಿದ್ವಿ. ಏನಾಯ್ತು. ದಾರಿ ತಪ್ತಾ? ಹತ್ತಿರದ ಗೂಟಕ್ಕೆ ಬಾ."

ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ ಬಾಯಿಗೆ ಬರಲಿ, ಎಂದರು. ಭಯ ಜಾಸ್ತಿ ಇರುವುದು ಆರಂಭದಲ್ಲಿ, ಆಗ ಹುಡುಕಾಡಬಾರದು. ಕೊನೆಯಲ್ಲಿ ನಿಲ್ಲಿಸಲು ಗೊತ್ತಿರಬೇಕು. ಇಷ್ಟನ್ನು ಹೇಳಲು ಅವರಿಗೆ ಒಂದು ಲೋಟ ಚಹಾದ ಹೊತ್ತು ಬೇಕಾಯಿತು. ಪ್ರತಿ ಉಸಿರಿಗೊಂದೇ ವಿಷಯ. ಹೇಳಿ, ನಿಂತು, ಉಸಿರು ತೆಗೆದುಕೊಂಡು, ಮುಂದಿನದು. ಕೇಳುತ್ತ ಕೂತವಳಿಗೆ ಒಂದು ಸಂಗತಿ ಹೊಳೆಯಿತು: ಅವರು ನಿಲ್ಲಿಸಿದಾಗಲೆಲ್ಲ ತಾನು ಇನ್ನಷ್ಟು ಕಿವಿಗೊಡುತ್ತಿದ್ದೇನೆ.

"ಎದೆ ಹೊಡ್ಕೊಳ್ಳೋದಕ್ಕೆ ಏನು ಮಾಡ್ಲಿ ಸರ್? ಉಸಿರೇ ಸಾಲಲ್ಲ. ಮೇಲೆ ಮೇಲೆ ಎಳ್ಕೊಳ್ತಾನೇ ಇರ್ತೀನಿ."

"ಅದೇ ತಪ್ಪು. ಎಳ್ಕೊಂಡು ಎಳ್ಕೊಂಡು. ಬಿಡಲ್ಲ ನೀನು. ತುಂಬಿದ ಚೀಲಕ್ಕೆ ಇನ್ನೇನು ತುಂಬ್ತೀಯ? ಮೊದಲು ಬಿಡು." ಅವರು ಎಡಗೈಯನ್ನು ತಮ್ಮ ಹೊಟ್ಟೆಯ ಮೇಲಿಟ್ಟರು. "ಮೂಗಿಂದ ತಗೋ. ಇಲ್ಲಿಗೆ ಬರ್ಲಿ. ಎದೆಗಲ್ಲ. ಆಮೇಲೆ ಬಾಯಿಂದ. ಬಿಸಿ ಚಹಾ ಊದೋ ಹಾಗೆ. ತಗೊಂಡಿದ್ದಕ್ಕಿಂತ ನಿಧಾನ. ಬಿಡೋದು ಉದ್ದ ಆದ್ರೆ. ಎದೆ ತಾನೇ ಇಳಿಯುತ್ತೆ."

ಅವಳು ಲೋಟ ಹಿಡಿದು ಊದಿದಳು. ಚಹಾದ ಮೇಲೆ ತೆಳ್ಳನೆಯ ಅಲೆ ಎದ್ದಿತು. ಅವರು ಆ ಅಲೆಯನ್ನೇ ನೋಡುತ್ತಿದ್ದರು.

"ಎಳ್ಕೊಳ್ಳೋ ಉಸಿರಲ್ಲಿ ಮಾತಿಲ್ಲ ಕಣಮ್ಮ. ಬಿಡೋ ಉಸಿರಲ್ಲೇ ಮಾತು. ನಂಗೂ ಈಗಲೇ ಗೊತ್ತಾಗಿದ್ದು."

"ಅದಕ್ಕೇ ಹಳೆಗನ್ನಡದಲ್ಲಿ ಹೇಳೋದಕ್ಕೆ ಉಸುರು ಅಂತಿದ್ರು," ಎಂದರು ಟೀಚರಮ್ಮ ಖಾಲಿ ಲೋಟ ಎತ್ತಿಕೊಳ್ಳುತ್ತ. "ಉಸಿರು, ಉಸುರು. ನಲವತ್ತು ವರ್ಷ ಹೇಳಿಕೊಟ್ಟೆ. ಇವರು ಆಪರೇಶನ್ ಮಾಡಿಸ್ಕೊಂಡು ಬಂದು ನಂಗೇ ಪಾಠ ಮಾಡ್ತಾರೆ."

ಹೊರಡುವಾಗ ದೊಡ್ಡ ಡಾಕ್ಟರು ಅವಳನ್ನು ನಿಲ್ಲಿಸಿದರು. "ಜೋರಾಗಿ ಹೇಳಿ ಅಭ್ಯಾಸ ಮಾಡು. ನಿಂತ್ಕೊಂಡು. ಮನಸ್ಸಲ್ಲಿ ಹೇಳ್ಕೊಂಡ್ರೆ ಬರಲ್ಲ. ಮೊದಲು ಗೋಡೆಗೆ. ಆಮೇಲೆ ಒಬ್ಬರಿಗೆ. ಆಮೇಲೆ ನಾಲ್ಕು ಜನಕ್ಕೆ." ಸ್ವಲ್ಪ ಹೊತ್ತು ಉಸಿರಾಡಿಕೊಂಡರು. "ಕೊನೆಗೆ ನಂಗೆ. ಪೂರ್ತಿ. ಹೋದ ವರ್ಷ ನಾನು ಮುಗಿಸಿದ್ನಲ್ಲ. ಆ ಸಾಲ ಇದೆ ನಿನ್ನ ಮೇಲೆ. ನಾನು ಸುಮ್ಮನೆ ಕೂತ್ಕೊಂಡು. ನೀನು ಮುಗಿಸೋದನ್ನ ಕೇಳ್ಬೇಕು."

"ಖಂಡಿತ ಸರ್," ಎಂದಳು.

ಗೋಡೆಗೆ ಹೇಳುವುದು ಸುಲಭವಾಗಿತ್ತು. ಬೆಳಗ್ಗೆ ಆಸ್ಪತ್ರೆ ತೆರೆಯುವ ಮುಂಚೆ ಔಷಧಿ ಕೋಣೆಯಲ್ಲಿ ನಿಂತು, ಮೇಜಿನ ಮೇಲೆ ಗಡಿಯಾರವಿಟ್ಟುಕೊಂಡು ಹೇಳುತ್ತಿದ್ದಳು. ಮೊದಲ ದಿನ ಹತ್ತು ನಿಮಿಷದ ಮಾತು ಐದಕ್ಕೇ ಮುಗಿದುಹೋಯಿತು, ಭಯಕ್ಕೆ ಓಡಿಬಿಟ್ಟಿದ್ದಳು. ಗೂಟದಿಂದ ಗೂಟಕ್ಕೆ ಹೋಗುವಾಗ ಉಸಿರು ಬಿಟ್ಟು ನಿಲ್ಲುವುದನ್ನು ಕಲಿತ ಮೇಲೆ ಹೊತ್ತು ಸರಿಯಾಗತೊಡಗಿತು. ಚಿಕಿತ್ಸೆಗೆಂದು ಹಿತ್ತಿಲಲ್ಲಿ ಕಟ್ಟಿದ್ದ ಎಮ್ಮೆಗಳಿಗೂ ಹೇಳಿದಳು. ಎಮ್ಮೆಯ ಯಜಮಾನನೊಬ್ಬ ಬೇಲಿಯಾಚೆ ನಿಂತು ಕೇಳಿ, ಕಾಂಪೌಂಡರನ್ನು ಪಕ್ಕಕ್ಕೆ ಕರೆದ: "ನಮ್ಮೆಮ್ಮೆ ಏನಾದ್ರೂ ತಪ್ಪು ಮಾಡ್ತಾ ಸಾಮಿ? ಡಾಕ್ಟ್ರಮ್ಮ ಆವಾಗಿಂದ ಬುದ್ಧಿ ಹೇಳ್ತಾವ್ರೆ."

"ಕೋಣನ ಮುಂದೆ ಕಿನ್ನರಿ ಅಂತಾರಲ್ಲ, ಅದರ ಅಭ್ಯಾಸ ನಡೀತಿದೆ," ಎಂದ ಕಾಂಪೌಂಡರ್. "ನಿಮ್ಮೆಮ್ಮೆ ಪುಣ್ಯ ಮಾಡಿತ್ತು. ನಾಳೆ ಇದೇ ಮಾತನ್ನ ದೊಡ್ಡ ದೊಡ್ಡ ಆಫೀಸರು ದುಡ್ಡು ಕೊಟ್ಟು ಕೇಳ್ತಾರೆ."

ಆಮೇಲೆ ಕಾಂಪೌಂಡರಿಗೇ ಹೇಳಿದಳು. ಅವನು ಬೇಕೆಂದೇ ಆಕಳಿಸಿದ, ಕುರ್ಚಿ ಎಳೆದ, ಬಾಗಿಲು ಬಡಿದ. "ಅಲ್ಲೂ ಹೀಗೇ ಮಾಡ್ತಾರೆ ಮೇಡಂ, ಈಗಲೇ ರೂಢಿ ಆಗ್ಲಿ." ಕುರ್ಚಿಯ ಸದ್ದಿಗೆ ಮೊದಮೊದಲು ಅವಳ ಮಾತು ಕಳಚುತ್ತಿತ್ತು. ನಿಂತು, ಉಸಿರು ಬಿಟ್ಟು, ಹತ್ತಿರದ ಗೂಟಕ್ಕೆ ಬರುತ್ತಿದ್ದಳು. ಕೆಲವು ದಿನದಲ್ಲಿ ಕುರ್ಚಿ ಎಳೆದರೆ ಎಳೆದುಕೊಳ್ಳಲಿ ಎನ್ನುವಂತಾಯಿತು. ಹಾಲಿನ ಸಂಘದ ಹೆಂಗಸರ ಮುಂದೆಯೂ ಹೇಳಿದಳು. ಒಂದು ಕಡೆ ತಪ್ಪಿದಳು, ಗೂಟಕ್ಕೆ ಮರಳಿ ಮುಗಿಸಿದಳು. ಭಯ ಹೋಗಲಿಲ್ಲ. ಅದು ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟಿದ ಹೋರಿಯಂತೆ ಬುಸುಗುಟ್ಟುತ್ತ ತನ್ನ ಜಾಗದಲ್ಲಿತ್ತು, ಅವಳು ತನ್ನ ಕೆಲಸ ಮಾಡಬಹುದಾಗಿತ್ತು.

ಉಳಿದದ್ದು ದೊಡ್ಡ ಡಾಕ್ಟರೊಬ್ಬರೇ.

ಅವರ ಮನೆಗೆ ಎರಡು ದಿನಕ್ಕೊಮ್ಮೆ ಹೋಗುತ್ತಿದ್ದಳು. ಎರಡನೇ ಗೂಟದ ಹತ್ತಿರ ಯಾವ ಚಿತ್ರ ತೋರಿಸಲಿ ಎಂದು ಕೇಳುತ್ತಿದ್ದಳು. ಪರದೆಯ ಮೇಲೆ ಅಕ್ಷರ ಕಡಿಮೆ ಮಾಡು, ಅದನ್ನೇ ಓದಿದರೆ ನೀನ್ಯಾಕೆ ಬೇಕು, ಎನ್ನುತ್ತಿದ್ದರು. ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನು, ಎನ್ನುತ್ತಿದ್ದರು. ಎಲ್ಲ ಆದ ಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕೈಕಟ್ಟಿ, ಕಾಯುತ್ತಿದ್ದರು.

"ನಾಳೆ ಹೇಳ್ತೀನಿ ಸರ್. ಮೂರನೇ ಗೂಟ ಇನ್ನೂ ಅಲ್ಲಾಡ್ತಿದೆ."

ಅವರು ತಲೆಯಾಡಿಸುತ್ತಿದ್ದರು. ಮೂರನೇ ಗೂಟ ಅಲ್ಲಾಡುತ್ತಿರಲಿಲ್ಲ. ತಾನು ಮಾತು ಸತ್ತು ನಿಂತಿದ್ದನ್ನು ಅಷ್ಟು ಹತ್ತಿರದಿಂದ ನೋಡಿದ ಮನುಷ್ಯ ಅವರೊಬ್ಬರೇ. ಅವರ ಎದುರು ನಿಂತರೆ ತಾನು ಮತ್ತೆ ಆ ಸಭೆಯವಳೇ ಆಗಿಬಿಡುತ್ತೇನೆಂಬ ದಿಗಿಲು ಅವಳಿಗೆ. ಇನ್ನೂ ಒಂದಿಷ್ಟು ಚೆನ್ನಾಗಿ ಬರಲಿ, ಒಂದು ಕಲೆಯೂ ಇಲ್ಲದ ಹಾಗೆ ಒಪ್ಪಿಸೋಣ, ಎಂದುಕೊಳ್ಳುತ್ತಿದ್ದಳು.

"ಎಮ್ಮೆಗೆ ಹೇಳಿದೆಯಂತೆ," ಎಂದರು ಒಂದು ಸಂಜೆ ಟೀಚರಮ್ಮ, ಗೇಟಿನ ತನಕ ಬಂದು. "ಇವರು ದಿನಾ ಮಧ್ಯಾಹ್ನದಿಂದಲೇ ಅಂಗಿ ಬದಲಾಯಿಸಿ ಕೂತಿರ್ತಾರೆ. ಹೇಳಿಬಿಡಮ್ಮ. ತಪ್ಪಾದ್ರೆ ತಪ್ಪಾಗ್ಲಿ."

"ನಾಳೆ ಅಮ್ಮ, ಖಂಡಿತ."

ಆ ನಾಳೆ ಒಂದು ಎಮ್ಮೆಯ ಗರ್ಭಚೀಲ ಹೊರಬಂದು ಇಡೀ ಸಂಜೆ ಅಲ್ಲೇ ಹೋಯಿತು. ಮರುದಿನ ಹೋದರೆ ಜಗುಲಿಯ ಕುರ್ಚಿ ಖಾಲಿಯಿತ್ತು. ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದು ಪಟ್ಟಣದ ಆಸ್ಪತ್ರೆಗೆ ಸೇರಿಸಿದ್ದರು. ಗಡ್ಡೆ ಮರಳಿ ಶ್ವಾಸಕೋಶಕ್ಕೆ ಇಳಿದಿತ್ತು ಎಂದು ತಿಳಿದದ್ದೂ ಆಗಲೇ.

ಅವಳು ಬಸ್ಸು ಹಿಡಿದು ಹೋದಳು. ದಾರಿಯುದ್ದಕ್ಕೂ ಕಿಟಕಿಗೆ ಮುಖ ಮಾಡಿ ಉಸಿರು ಬಿಡುತ್ತಿದ್ದಳು. ಹೊರಗಿನ ಹೊಲಗಳು ಒಣಗಿ ಬಣ್ಣ ಬಿಟ್ಟಿದ್ದವು. ಇವತ್ತು ಹೇಳಿಯೇ ತೀರುವುದು, ತಡವರಿಸಿದರೂ ಸರಿ.

ಮಂಚದ ಮೇಲೆ ಅವರು ಹಾಸಿಗೆಗಿಂತ ತೆಳ್ಳಗಾಗಿದ್ದರು. ಕುತ್ತಿಗೆಯ ತೂತಿಗೆ ಆಮ್ಲಜನಕದ ಕೊಳವೆ. ಅವಳನ್ನು ಕಂಡು ಕಣ್ಣು ಅರಳಿತು. ಅವಳು ಮಂಚದ ಕಾಲ ಬಳಿ ನಿಂತಳು, ಹೇಳಿಕೊಟ್ಟ ಹಾಗೆಯೇ, ಎರಡೂ ಪಾದ ನೆಲಕ್ಕೆ ಊರಿ. "ಸರ್, ಹೇಳ್ತೀನಿ."

ಅವರು ಏಳಲು ನೋಡಿದರು. ಟೀಚರಮ್ಮ ದಿಂಬು ಎತ್ತರಿಸಿದರು.

"ಹುಟ್ಟಿದ ಕರುವಿಗೆ ಮೊದಲ ಊಟ ಹಾಕುವ ಕೈ ಯಾರದು?" ಅದು ಅವಳ ಮೊದಲ ವಾಕ್ಯ. "ನಾವು ಬಹಳ ವರ್ಷ ಆ ಕೈಯ ಜೊತೆ ಮಾತಾಡಲೇ ಇಲ್ಲ..."

ಅವರಿಗೆ ಕೆಮ್ಮು ಬಂತು. ಕೆಮ್ಮು ನಿಲ್ಲಲಿಲ್ಲ. ನರ್ಸ್ ಬಂದು ಕಫ ಎಳೆಯುವ ಯಂತ್ರ ಹಾಕಿದಳು. ಅದು ಮುಗಿಯುವಷ್ಟರಲ್ಲಿ ಅವರ ಹಣೆ ಬೆವರಿ, ಕಣ್ಣು ಮುಚ್ಚಿಕೊಂಡು ಹೋಗುತ್ತಿತ್ತು. ಅವಳು ಅಲ್ಲೇ ನಿಂತಿದ್ದಳು. ಅವರು ಕೈಯೆತ್ತಿ ಗಂಟಲ ಕಡೆ ತಂದರು. ಬೆರಳು ಎರಡು ಸಲ ತಪ್ಪಿ, ಮೂರನೇ ಸಲ ಕೂತಿತು.

"ನಾಳೆ," ಎಂದರು.

ಅವರ ಮುಖದಲ್ಲಿ ತುಂಟತನವಿತ್ತೋ, ದಣಿವೋ, ಅವಳಿಗೆ ಕೊನೆಗೂ ತಿಳಿಯಲಿಲ್ಲ. ಬೆಳಗಾಗುವ ಮುಂಚೆ ಅವರು ಹೋಗಿಬಿಟ್ಟರು.

ಮಣ್ಣು ಮಾಡಿ ಬಂದ ಮೇಲೆ ಸಮ್ಮೇಳನಕ್ಕೆ ಒಂದು ವಾರವೂ ಉಳಿದಿರಲಿಲ್ಲ. ಹೋಗುವುದಿಲ್ಲವೆಂದು ಬರೆಯಲು ಅವಳು ಮೇಜಿಗೆ ಕೂತಾಗ ಕಾಂಪೌಂಡರ್ ಬಾಗಿಲಲ್ಲಿ ನಿಂತ. ಅವತ್ತು ಅವನ ಬಾಯಲ್ಲಿ ತಮಾಷೆ ಇರಲಿಲ್ಲ. "ನೀವು ಹೋಗ್ದಿದ್ರೆ ಆ ಹತ್ತು ನಿಮಿಷ ಯಾರದೋ ಪಾಲಾಗುತ್ತೆ. ಹಸುವಿಗೆ ಯಾವ ಕಂಪನಿ ಪುಡಿ ತಿನ್ನಿಸ್ಬೇಕು ಅಂತ ಹೇಳ್ತಾರೆ. ದೊಡ್ಡ ಡಾಕ್ಟರು ತಿರುಗಿದ ಊರುಗಳ ಮಾತು ಅಲ್ಲಿಗೆ ಮುಗೀತು." ಅವಳು ಬರೆದಷ್ಟನ್ನು ಹರಿದಳು.

ಸಮ್ಮೇಳನದ ಸಭಾಂಗಣಕ್ಕೆ ಅವಳು ಮೊದಲಿಗಳಾಗಿ ಹೋದಳು. ಕಸ ಗುಡಿಸುವವರು ಇನ್ನೂ ಕುರ್ಚಿಗಳ ನಡುವೆ ಇದ್ದರು. ವೇದಿಕೆ ಹತ್ತಿ ಮೈಕಿನ ಎತ್ತರ ಸರಿಮಾಡಿಕೊಂಡಳು, ಕೊನೆಯ ಸಾಲು ಎಷ್ಟು ದೂರವಿದೆ ನೋಡಿಕೊಂಡಳು, ಖಾಲಿ ಕುರ್ಚಿಗಳಿಗೆ ಮೊದಲ ವಾಕ್ಯ ಹೇಳಿದಳು. ಗುಡಿಸುತ್ತಿದ್ದವಳು ತಲೆಯೆತ್ತಿ, "ಅದರ ತಾಯೀದು ಇನ್ಯಾರದು?" ಎಂದಳು. ಡಾಕ್ಟ್ರಮ್ಮನಿಗೆ ನಗು ಬಂತು. ಅವರು ಹೋದ ಮೇಲೆ ಬಂದ ಮೊದಲ ನಗು.

ಅವಳ ಸರದಿ ಮಧ್ಯಾಹ್ನದ ಮೊದಲು. ಹಿಂದಿನವರು ಮಾತಾಡುತ್ತಿರುವಾಗಲೇ ಎದೆ ಡೋಲು ಹೊಡೆಯಲು ಶುರುಮಾಡಿತು. ಉಸಿರು ಮೇಲೆ ಮೇಲೆ ಬಂತು. ಮೊದಲು ಬಿಡು. ಕುರ್ಚಿಯಲ್ಲಿ ಕೂತೇ, ತುಟಿ ಸಣ್ಣಗೆ ಮಾಡಿ, ಯಾರಿಗೂ ಕಾಣದ ಲೋಟವೊಂದನ್ನು ಊದತೊಡಗಿದಳು. ಹೊಟ್ಟೆಗೆ ತೆಗೆದುಕೊಂಡು, ಉದ್ದಕ್ಕೆ ಬಿಟ್ಟು. ಡೋಲು ನಿಲ್ಲಲಿಲ್ಲ, ಸ್ವಲ್ಪ ದೂರ ಹೋಯಿತು.

ಕರೆದರು. ಹೋದಳು. ನಿಂತಳು. ಒಂದು ಉಸಿರು ಬಿಡುವವರೆಗೂ ಸುಮ್ಮನಿದ್ದಳು. ಮೊದಲ ವಾಕ್ಯ ತಾನಾಗಿ ಬಂತು. ಏನು ನೋಡಿದ್ವಿ: ಸತ್ತ ಕರುಗಳನ್ನು, ಸಂಘದ ಕಟ್ಟೆಯನ್ನು, ಅಲ್ಲಿ ಇರದ ಹೆಂಗಸರನ್ನು ಹೇಳಿದಳು. ಮೂರನೇ ಸಾಲಿನಲ್ಲಿ ವಯಸ್ಸಾದ ಒಬ್ಬರು ತಲೆಯಾಡಿಸಿದರು. ಅವರ ಮುಖಕ್ಕೆ ಒಂದು ವಾಕ್ಯ, ಬಾಗಿಲ ಬಳಿ ನಿಂತ ಹುಡುಗಿಯ ಮುಖಕ್ಕೆ ಇನ್ನೊಂದು. ಎಲ್ಲೋ ಕುರ್ಚಿ ಎಳೆದ ಸದ್ದಾಯಿತು. ಕಾಂಪೌಂಡರನದೇ ಸದ್ದು ಎನಿಸಿ ದಾಟಿಹೋಯಿತು.

ಎರಡನೇ ಗೂಟ. ಉಸಿರು ಬಿಟ್ಟು ನಿಂತು, ಆರಂಭಿಸಿದಳು. "ಆಗ ನಾವು..."

ಆ ಪದ ಬಾಯಿಂದ ಹೊರಬಿದ್ದು ಎದುರಿಗೆ ನಿಂತಿತು. ಗೋಡೆಗೆ, ಎಮ್ಮೆಗೆ, ಹೆಂಗಸರಿಗೆ ಎಷ್ಟೋ ಸಲ ಹೇಳಿದ್ದಳು: ನಾವು ನೋಡಿದ್ವಿ, ನಾವು ಮಾಡಿದ್ವಿ. ಆಗೆಲ್ಲ ಜಗುಲಿಯಲ್ಲಿ ಒಬ್ಬರು ಅಂಗಿ ಬದಲಾಯಿಸಿ ಕೂತಿದ್ದರು. ಈಗ ನಾವು ಎಂದರೆ ಯಾರು? ತುಂಬಿದ ಕಣ್ಣಿನಲ್ಲಿ ಸಭಾಂಗಣ ಅಲುಗಿತು. ಹಿಂದಿನ ವರ್ಷದ ಆ ಮೌನ ಹಾಗೆಯೇ ಬಂದು ಪಕ್ಕದಲ್ಲಿ ನಿಂತಿತು, ಎದ್ದು ಬಂದು ಮುಗಿಸುವವರು ಮಾತ್ರ ಇರಲಿಲ್ಲ.

ಜನ ಕಾದರು. ಯಾರೋ ಕೆಮ್ಮಿದರು.

ಅವಳು ಉಸಿರು ಎಳೆದುಕೊಂಡಿದ್ದಳು, ಬಿಟ್ಟಿರಲಿಲ್ಲ. ಅದು ಅವಳಿಗೆ ಗೊತ್ತಾಯಿತು. ಬಿಟ್ಟಳು. ಉದ್ದಕ್ಕೆ, ನಿಧಾನವಾಗಿ, ಮೈಕಿಗೂ ಕೇಳಿಸುವಂತೆ. ಹೆಬ್ಬೆರಳನ್ನು ಮೇಜಿನ ಅಂಚಿಗೆ ಒತ್ತಿ ಗೂಟ ಹುಡುಕಿದಳು. ಏನು ಮಾಡಿದ್ವಿ.

"ಆಗ ನಾವು," ಎಂದಳು ಮತ್ತೆ, "ಕಟ್ಟೆ ಇಳಿದು ಕೊಟ್ಟಿಗೆಗೆ ಹೋದೆವು. ನಾವು ಅಂದರೆ ನಾನು, ಮತ್ತು ಇಲ್ಲಿ ಮಾತಾಡಬೇಕಿದ್ದವರು. ಅವರು ತೀರಿಕೊಂಡರು. ಕೆಲಸ ಅವರದು. ಹೇಳುತ್ತೇನೆ."

ಹೇಳಿದಳು. ಧ್ವನಿ ಒಡೆಯಿತು, ನೀರು ಕುಡಿದಳು, ಮುಂದುವರಿದಳು. ಒಂದು ಉಸಿರಿಗೆ ಒಂದು ವಿಷಯ. ಮೂರನೇ ಗೂಟ ದಾಟಿ, ಕೊನೆಯ ವಾಕ್ಯಕ್ಕೆ ಬಂದು ನಿಲ್ಲಿಸಿದಳು. ಒಬ್ಬರು ಪ್ರಶ್ನೆ ಕೇಳಿದರು: ಒಂದು ವೇಳೆ ಕರುಗಳು ಉಳಿದದ್ದು ಆ ವರ್ಷಗಳ ಒಳ್ಳೆಯ ಮೇವಿನಿಂದ ಇರಬಹುದಲ್ಲ? "ಇರಬಹುದು. ಅದನ್ನು ನಾವು ಬೇರೆ ಮಾಡಿ ನೋಡಿಲ್ಲ. ನನಗೆ ಗೊತ್ತಿಲ್ಲ," ಎಂದಳು. ಊಟದ ಹೊತ್ತಿಗೆ ಬೇರೆ ಆಸ್ಪತ್ರೆಯವರು ಕೆಲವರು ಸುತ್ತ ನಿಂತು, ಕೊಟ್ಟಿಗೆಯಲ್ಲಿ ಏನೇನು ಹೇಳಿದಿರಿ ಎಂದು ಕೇಳಿಕೊಂಡರು. "ನೀವು ಬಿಡಿ, ಹುಟ್ಟು ಮಾತುಗಾರ್ತಿ," ಎಂದರು ಒಬ್ಬರು. ಅವಳು ತಟ್ಟೆ ಕೆಳಗಿಟ್ಟಳು.

ಮರುದಿನ ಸಂಜೆ ಅವಳು ಆ ಮನೆಗೆ ಹೋದಳು. ಜಗುಲಿಯಲ್ಲಿ ಟೀಚರಮ್ಮ ಬಟಾಣಿ ಸುಲಿಯುತ್ತಿದ್ದರು. ಬೆತ್ತದ ಕುರ್ಚಿ ಗೋಡೆಗೆ ಸರಿದಿತ್ತು, ಹಾಳೆಗಳು ಇನ್ನೂ ಅದರ ಕಾಲಿನ ಕೆಳಗಿದ್ದವು.

"ಮುಗಿಸಿದ್ಯಂತೆ. ಕಾಂಪೌಂಡರ್ ಊರಿಗೆಲ್ಲ ಸಾರಿದ."

"ಮುಗಿಸಿದೆ ಅಮ್ಮ." ಅವಳು ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೇ ನಿಂತಳು. "ಇಲ್ಲಿ ಹೇಳ್ಬೇಕಿತ್ತು. ಈಗ ಹೇಳ್ಲಾ? ಪೂರ್ತಿ. ನಿಮಗೆ."

ಟೀಚರಮ್ಮ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಬೇಡಮ್ಮ. ನಂಗೆ ಕೊಟ್ರೆ ಆ ಸಾಲ ತೀರಲ್ಲ." ಮಾತಿನಲ್ಲಿ ಸಿಟ್ಟಿರಲಿಲ್ಲ, ತಪ್ಪು ಉತ್ತರವನ್ನು ತಪ್ಪು ಎನ್ನುವಷ್ಟೇ ಇತ್ತು. ಒಂದು ಸಿಪ್ಪೆ ಪಕ್ಕಕ್ಕೆ ಹಾಕಿ ಹೇಳಿದರು: "ಅವರಿಗೂ ಭಯ ಇತ್ತು, ಗೊತ್ತಾ? ಧ್ವನಿ ಇದ್ದಾಗ ಪ್ರತಿ ಸಭೆಗೆ ಮುಂಚೆ ನನ್ನೆದುರಿಗೆ ನಿಂತು ಒಪ್ಪಿಸ್ತಿದ್ರು. ನಾನು ಹೀಗೇ ಏನೋ ಸುಲೀತಾ, ಹೂಂ ಅಂತಿದ್ದೆ. ಒಂದ್ಸಲಾನೂ ಕೊನೇ ತನಕ ಕಿವಿಗೊಟ್ಟು ಕೇಳ್ಲಿಲ್ಲ. ದಿನಾ ಇರೋ ಧ್ವನಿ ಅಲ್ವಾ ಅಂತ."

ಅವಳು ಮೆಟ್ಟಿಲ ಮೇಲೆ ಕೂತಳು. ಬೀದಿಯಲ್ಲಿ ಮೇವಿನ ಗಾಡಿಯೊಂದು ಹೋಯಿತು. ಟೀಚರಮ್ಮ ಒಳಗೆ ಹೋಗಿ ಚಹಾ ತಂದರು. ಒಂದು ಲೋಟದಿಂದ ಇನ್ನೊಂದಕ್ಕೆ, ಅದರಿಂದ ಇದಕ್ಕೆ, ಎತ್ತರದಿಂದ ಹುಯ್ಯತೊಡಗಿದರು. ಎರಡು ಸಲ ಹುಯ್ದ ಮೇಲೆ ಕೈ ನಿಂತಿತು.

"ನೋಡು, ರೂಢಿ," ಎಂದು ಲೋಟವನ್ನು ಅವಳ ಕೈಗೆ ಕೊಟ್ಟರು.

ಚಹಾ ಇನ್ನೂ ಬಿಸಿಯಿತ್ತು. ಅವಳು ಕುಡಿಯದೆ, ಊದದೆ, ಅದು ತಾನಾಗಿ ಆರುವವರೆಗೂ ಹಿಡಿದು ಕೂತಿದ್ದಳು.